ದುಬೈ ಕೆಲಸದ ವೀಸಾ: ಏಜೆಂಟ್ ಕೇಳುವ ಒಂದೊಂದು ರೂಪಾಯಿಯನ್ನೂ ಪರೀಕ್ಷಿಸುವುದು ಹೇಗೆ

ವಾಟ್ಸಾಪ್ ಗ್ರೂಪಿನಲ್ಲಿ ಬರುವ ಪೋಸ್ಟರ್ ಹೆಚ್ಚು ಕಡಿಮೆ ಹೀಗಿರುತ್ತದೆ. ಮೇಲೆ ಬುರ್ಜ್ ಖಲೀಫಾ ಫೋಟೋ. ಕೆಳಗೆ ‘ದುಬೈ – ಅರ್ಜೆಂಟ್ – ಎಲೆಕ್ಟ್ರಿಷಿಯನ್, ಪ್ಲಂಬರ್, ಹೆಲ್ಪರ್, ಸೆಕ್ಯೂರಿಟಿ’. ಸಂಬಳ 1,800 ದಿರ್ಹಂ, ಓಟಿ ಬೇರೆ, ಊಟ–ರೂಮ್ ಫ್ರೀ, ಇಂಟರ್‌ವ್ಯೂ ಇಲ್ಲ, ಹತ್ತು ದಿನದಲ್ಲಿ ಫ್ಲೈಟ್. ಕೊನೆಯಲ್ಲಿ ಎರಡು ಮೊಬೈಲ್ ನಂಬರ್. ಕಂಪನಿಯ ಹೆಸರಿಲ್ಲ, ಆಫೀಸಿನ ವಿಳಾಸವಿಲ್ಲ, ಲೈಸೆನ್ಸ್ ನಂಬರೂ ಇಲ್ಲ.

ಪೋಸ್ಟರ್‌ನಲ್ಲಿ ಇರುವ ಮಾತುಗಳಿಗಿಂತ ಇಲ್ಲದಿರುವ ಈ ಮೂರು ವಿಷಯಗಳನ್ನು ಮೊದಲು ನೋಡಿ. ಗಲ್ಫ್‌ಗೆ ಹೊರಟವರು ಕಳೆದುಕೊಳ್ಳುವ ಹಣ ಸಾಮಾನ್ಯವಾಗಿ ಒಂದೇ ಸಲ ಹೋಗುವುದಿಲ್ಲ. ಫೈಲ್ ಚಾರ್ಜ್ ಅಂತ ಒಂದಿಷ್ಟು, ಮೆಡಿಕಲ್ ಅಂತ ಇನ್ನೊಂದಿಷ್ಟು, ಹೀಗೆ ಕಂತು ಕಂತಾಗಿ ಹೋಗುತ್ತದೆ. ಮೊದಲ ಕಂತು ಕೊಟ್ಟವರಿಗೆ ಎರಡನೆಯದನ್ನು ನಿಲ್ಲಿಸಲು ಮನಸ್ಸು ಬರುವುದಿಲ್ಲ, ಕೊಟ್ಟದ್ದು ಮುಳುಗೀತು ಅನ್ನೋ ಭಯ. ಹಾಗಾಗಿ ಈ ಪರೀಕ್ಷೆಗಳನ್ನೆಲ್ಲ ಮೊದಲ ರೂಪಾಯಿ ಕೊಡುವ ಮುಂಚೆಯೇ ಮುಗಿಸಿಕೊಳ್ಳಬೇಕು. ಇಲ್ಲಿ ಯುಎಇ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಇರುವ ದೇಶದ ಕೆಲಸದ ವೀಸಾವನ್ನೇ ಹಿಡಿದು ಹೇಳುತ್ತೇನೆ. ಏಜೆಂಟನ್ನು ಪರೀಕ್ಷಿಸುವ ಭಾಗ ಮಾತ್ರ ಯಾವ ದೇಶದ ಕೆಲಸಕ್ಕೂ ಒಂದೇ.

ಮೊದಲು ಏಜೆಂಟ್‌ನ ಲೈಸೆನ್ಸ್

1983ರ ವಲಸೆ ಕಾಯ್ದೆಯ ಪ್ರಕಾರ, ಭಾರತದಿಂದ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ಟ್ರಾವೆಲ್ಸ್ ಅಂಗಡಿ ಇಟ್ಟುಕೊಂಡು ಟಿಕೆಟ್ ಮಾಡಿಕೊಡುವವರಿಗೆ, ವೀಸಾ ಕನ್ಸಲ್ಟೆನ್ಸಿ ಅಂತ ಬೋರ್ಡ್ ಹಾಕಿದವರಿಗೆ ಆ ಬೋರ್ಡಿನ ಬಲದ ಮೇಲೆ ಕೆಲಸಕ್ಕೆ ಕಳಿಸುವ ಅಧಿಕಾರ ಬರುವುದಿಲ್ಲ. ಜಿಎಸ್‌ಟಿ ಸರ್ಟಿಫಿಕೇಟ್, ಪಾಲಿಕೆಯ ಟ್ರೇಡ್ ಲೈಸೆನ್ಸ್ ತೋರಿಸಿ ‘ನಮ್ದು ಗೌರ್ಮೆಂಟ್ ರಿಜಿಸ್ಟರ್ಡ್’ ಅನ್ನುವವರು ಬಹಳ. ಅವು ವ್ಯಾಪಾರದ ಕಾಗದಗಳು, ಇದಕ್ಕೆ ಬೇಕಾದ ಲೈಸೆನ್ಸೇ ಬೇರೆ.

ಪರೀಕ್ಷಿಸಲು emigrate.gov.in ತೆರೆಯಿರಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಏಜೆಂಟ್ ಕಳಿಸಿದ ಲಿಂಕ್ ಒತ್ತಬೇಡಿ. ಅಲ್ಲಿ ನೋಂದಾಯಿತ ಏಜೆಂಟರ ಪಟ್ಟಿ, ಅಂದರೆ RA List ಇದೆ. ಹೆಸರು ಹಾಕಿ ಹುಡುಕಿ, ಸಿಕ್ಕರೆ ಲೈಸೆನ್ಸ್ ಈಗ ಚಾಲ್ತಿಯಲ್ಲಿದೆಯೇ ಎಂದು ನೋಡಿ. ಅವಧಿ ಮುಗಿದದ್ದು, ಅಮಾನತಾದದ್ದು, ರದ್ದಾದದ್ದು ಕೂಡ ಇರುತ್ತವೆ. ಗೋಡೆಗೆ ಫ್ರೇಮ್ ಹಾಕಿಸಿದ ಹಳೇ ಸರ್ಟಿಫಿಕೇಟ್ ನೋಡಿದರೆ ಇದು ಗೊತ್ತಾಗುವುದಿಲ್ಲ.

ಹೆಸರು ಸಿಕ್ಕ ಕೂಡಲೇ ಸಮಾಧಾನಪಟ್ಟುಕೊಂಡವರೇ ಇಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ. ಮುಂಬೈನ ಯಾವುದೋ ಅಸಲಿ ಏಜೆನ್ಸಿಯ ಹೆಸರು, ಲೈಸೆನ್ಸ್ ನಂಬರ್ ಎರಡನ್ನೂ ಕದ್ದು ಪೋಸ್ಟರ್ ಮೇಲೆ ಹಾಕಿಕೊಳ್ಳುವ ನಕಲಿಗಳಿದ್ದಾರೆ. ನಂಬರ್ ಹುಡುಕಿದರೆ ಪಟ್ಟಿಯಲ್ಲಿ ಸರಿಯಾಗಿಯೇ ಬರುತ್ತದೆ. ಅದಕ್ಕೇ ಇನ್ನೊಂದು ಹೆಜ್ಜೆ ಬೇಕು. ಪಟ್ಟಿಯಲ್ಲಿ ಕೊಟ್ಟಿರುವ ಫೋನ್‌ಗೆ ಅಥವಾ ಇಮೇಲ್‌ಗೆ ನೀವೇ ಸಂಪರ್ಕಿಸಿ, ‘ಇಂಥ ಕಂಪನಿಗೆ, ಇಂಥ ಹುದ್ದೆಗೆ ನೀವು ಜನ ತಗೊಳ್ತಿದ್ದೀರಾ? ಈ ಮೊಬೈಲ್ ನಂಬರ್ ನಿಮ್ಮದೇನಾ?’ ಎಂದು ಕೇಳಿ. ಪೋಸ್ಟರ್ ಮೇಲಿನ ನಂಬರ್‌ಗೆ ಕರೆ ಮಾಡಿ ಕೇಳಿದರೆ ‘ಹೌದು’ ಅಂತಲೇ ಉತ್ತರ ಬರುತ್ತದೆ.

ಇನ್ನು ಊರಿನ ಪರಿಚಯಸ್ಥರ ವಿಷಯ. ‘ನಾನು ಅವರ ಸಬ್ ಏಜೆಂಟ್, ಬೆಂಗಳೂರು ಆಫೀಸ್ ನನ್ನ ಮೂಲಕವೇ ಮಾಡೋದು’ ಅನ್ನುತ್ತಾರೆ. ನೋಂದಾಯಿತ ಏಜೆಂಟ್ ತನ್ನ ಪರವಾಗಿ ಸಬ್ ಏಜೆಂಟರನ್ನು ಇಟ್ಟುಕೊಳ್ಳುವಂತಿಲ್ಲ. ಅನುಮತಿಯಿಲ್ಲದೆ ಬೇರೆ ಊರಲ್ಲಿ ಬ್ರಾಂಚ್ ತೆರೆಯುವಂತೆಯೂ ಇಲ್ಲ. ಹೇಳುವವರು ನಿಮ್ಮ ಬೀದಿಯವರೇ ಇರಬಹುದು, ಅವರ ಮಾತಲ್ಲಿ ಮೋಸ ಇಲ್ಲದೆಯೂ ಇರಬಹುದು. ಆದರೆ ನಾಳೆ ಹಣ ಹೋದರೆ ಅಸಲಿ ಏಜೆನ್ಸಿ ‘ನಾವು ತಗೊಂಡಿಲ್ಲ’ ಎನ್ನುತ್ತದೆ, ನಿಮ್ಮ ಕೈಯಲ್ಲಿ ರಸೀದಿ ಇರುವುದಿಲ್ಲ. 2023ರ ಕೊನೆಗೆ ಕಲಬುರಗಿ ಕಡೆಯ ಕೆಲವು ಯುವಕರು ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದ ಮಧ್ಯೆ ಸಿಕ್ಕಿಹಾಕಿಕೊಂಡರು. 2024ರಲ್ಲಿ ಸರ್ಕಾರದ ಮಟ್ಟದ ಮಾತುಕತೆಯ ನಂತರವೇ ಅವರು ಊರಿಗೆ ಮರಳಿದ್ದು. ಅಲ್ಲಿಯೂ ನಡುವೆ ನಿಂತವರು ಆನ್‌ಲೈನ್‌ನಲ್ಲಿ ಜಾಹೀರಾತು ಕೊಟ್ಟ ಏಜೆಂಟರು.

ಈಗ ಕಂತುಗಳನ್ನು ಒಂದೊಂದಾಗಿ ಬಿಡಿಸೋಣ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೀದರ್ ಕಡೆಯ 26 ವರ್ಷದ ಹುಡುಗ. ಎಸ್ಸೆಸ್ಸೆಲ್ಸಿ ಪಾಸಾಗಿ ಐಟಿಐ ಎಲೆಕ್ಟ್ರಿಷಿಯನ್ ಮಾಡಿದ್ದಾನೆ. ದುಬೈ ಕೆಲಸಕ್ಕೆ ಏಜೆಂಟ್ ಹೀಗೆ ಲೆಕ್ಕ ಕೊಟ್ಟ ಎಂದುಕೊಳ್ಳಿ: ಫೈಲ್ ಚಾರ್ಜ್ 5,000, ಮೆಡಿಕಲ್ 8,000, ಎಮಿಗ್ರೇಷನ್ ಕ್ಲಿಯರೆನ್ಸ್ 15,000, ದೂತಾವಾಸದಲ್ಲಿ ಸ್ಟ್ಯಾಂಪಿಂಗ್ 12,000, ವೀಸಾ 65,000. ಒಟ್ಟು 1,05,000 ರೂಪಾಯಿ. ಕೇಳಲು ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಒಂದೊಂದೇ ನೋಡಿ.

ದೊಡ್ಡದರಿಂದ ಶುರು ಮಾಡೋಣ, ವೀಸಾ 65,000. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸ ಕೊಡುವವನೇ ಹೊರಬೇಕು. ಅದನ್ನು ನೇರವಾಗಿಯಾಗಲಿ, ಸುತ್ತು ಬಳಸಿಯಾಗಲಿ ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ. ಅಂದರೆ ವೀಸಾ ಹಣ ಅಂತ ಕಾರ್ಮಿಕನಿಗೆ ಬರುವ ಲೆಕ್ಕವೇ ಇಲ್ಲ. ‘ಕಂಪನಿ ಕೊಡಲ್ಲ, ಎಲ್ಲರೂ ಕೊಟ್ಟೇ ಹೋಗ್ತಾರೆ’ ಅನ್ನುವುದು ರೂಢಿಯ ಮಾತು. ಎಷ್ಟೋ ಜನ ಕೊಟ್ಟು ಹೋಗಿದ್ದಾರೆ ಅನ್ನುವುದೂ ನಿಜ. ಆದರೆ ಕೊಡುವ ಮುಂಚೆ ಇದು ಕಾನೂನಿಗೆ ಹೊರಗಿನ ಹಣ, ಕಳೆದುಹೋದರೆ ಯಾವ ಹೆಸರಲ್ಲಿ ವಾಪಸ್ ಕೇಳುತ್ತೇನೆ ಅನ್ನೋದು ತಲೆಯಲ್ಲಿರಲಿ.

ಹಾಗಾದರೆ ಏಜೆಂಟ್‌ಗೆ ಏನೂ ಕೊಡಬೇಕಿಲ್ಲವೇ? ಕೊಡಬೇಕು, ಅದಕ್ಕೆ ಮಿತಿ ಇದೆ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 35,400 ರೂಪಾಯಿ ತೆಗೆದುಕೊಳ್ಳಬಹುದು. ಅದಕ್ಕೆ ರಸೀದಿ ಕೊಡಬೇಕು. ನಮ್ಮ ಹುಡುಗನಿಗೆ ‘ಫೈಲ್ ಚಾರ್ಜ್’ ಅಂತ ಬೇರೆ ಕೇಳಿದ 5,000 ಇದರೊಳಗೇ ಸೇರಬೇಕು. ಏಜೆನ್ಸಿಯ ಹೆಸರಿನ ಬ್ಯಾಂಕ್ ಖಾತೆಗೆ ಹಣ ಹಾಕಿ, ಲೈಸೆನ್ಸ್ ನಂಬರ್ ಮತ್ತು ಜಿಎಸ್‌ಟಿ ನಂಬರ್ ಇರುವ ರಸೀದಿ ಕೇಳಿ. ಯಾರದೋ ಹೆಸರಿನ ಯುಪಿಐ ಕಳಿಸಿ ‘ಇದು ನಮ್ಮ ಅಕೌಂಟೆಂಟ್‌ದು’ ಎಂದರೆ ಅಲ್ಲಿಗೇ ನಿಲ್ಲಿಸಿ. ಯುಪಿಐನಲ್ಲಿ ಹಣ ಕಳಿಸುವ ಮುಂಚೆ ಸ್ಕ್ರೀನ್ ಮೇಲೆ ಖಾತೆದಾರನ ಹೆಸರು ಕಾಣಿಸುತ್ತದೆ. ಅದು ಏಜೆನ್ಸಿಯ ಹೆಸರಲ್ಲದಿದ್ದರೆ ಬಟನ್ ಒತ್ತಬೇಡಿ.

ಮುಂದೆ ಎಮಿಗ್ರೇಷನ್ ಕ್ಲಿಯರೆನ್ಸ್ 15,000. ಇದು ಬಹಳ ಜನರಿಗೆ ಸರಿಯಾಗಿ ಗೊತ್ತಿಲ್ಲದ ವಿಷಯ, ಹಾಗಾಗಿ ಏಜೆಂಟರ ಕೈಗೆ ಸುಲಭದ ಹತಾರ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ಅನುಮತಿ ಬೇಕಾಗುವ ಬಗೆಯದ್ದು ಆಗಿರುತ್ತದೆ. ಈಗಿನ ಪಾಸ್‌ಪೋರ್ಟ್‌ನಲ್ಲಿ ತಂದೆ–ತಾಯಿ ಹೆಸರಿರುವ ಕೊನೆಯ ಪುಟ ನೋಡಿ, ಇಸಿಆರ್ ಎಂಬ ಗುರುತು ಅಲ್ಲಿ ಮುದ್ರಣವಾಗಿರುತ್ತದೆ. ಏನೂ ಇಲ್ಲದಿದ್ದರೆ ನಿಮ್ಮದು ಇಸಿಆರ್ ಅಲ್ಲ. ಇಸಿಆರ್ ಇರುವವರು ಯುಎಇ, ಸೌದಿ, ಕುವೈತ್ ಮುಂತಾದ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಕ್ಲಿಯರೆನ್ಸ್ ಬೇಕು. ಬೀದರ್ ಹುಡುಗ ಎಸ್ಸೆಸ್ಸೆಲ್ಸಿ ಪಾಸ್, ಪಾಸ್‌ಪೋರ್ಟ್ ಮೇಲೆ ಗುರುತಿಲ್ಲ. ಅವನಿಗೆ ಈ ಕ್ಲಿಯರೆನ್ಸ್ ಬೇಕಾಗಿಯೇ ಇಲ್ಲ. 15,000 ಪೂರ್ತಿ ಸುಳ್ಳು.

ಬೇಕಾದವರಿಗಾದರೂ ಸರ್ಕಾರದ ಶುಲ್ಕ 200 ರೂಪಾಯಿ. ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಪ್ರೀಮಿಯಂ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಹತ್ತು ಲಕ್ಷದವರೆಗೆ ಪರಿಹಾರ ಇರುವ ವಿಮೆ ಇದು. ಸಾವಿರದ ಒಳಗೆ ಮುಗಿಯುವ ಈ ಕೆಲಸಕ್ಕೆ ಹದಿನೈದು ಸಾವಿರ ಕೇಳುತ್ತಾರೆ.

ಸ್ಟ್ಯಾಂಪಿಂಗ್ 12,000. ಯುಎಇಯ ಕೆಲಸದ ಪ್ರವೇಶ ಅನುಮತಿ ಬರುವುದು ಎಲೆಕ್ಟ್ರಾನಿಕ್ ಆಗಿ, ಒಂದು ಪಿಡಿಎಫ್ ಪುಟವಾಗಿ. ಅದಕ್ಕಾಗಿ ನಿಮ್ಮ ಪಾಸ್‌ಪೋರ್ಟ್ ದೆಹಲಿಯ ದೂತಾವಾಸಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬರಬೇಕಿಲ್ಲ. ಸೌದಿಯ ಕೆಲಸದ ವೀಸಾಗೆ ಸ್ಟ್ಯಾಂಪಿಂಗ್ ಅನ್ನುವ ಮಾತು ಬಳಕೆಯಲ್ಲಿದೆ. ಅದನ್ನೇ ತಂದು ದುಬೈಗೂ ಅಂಟಿಸುತ್ತಾರೆ. ಈ ನೆಪದಲ್ಲಿ ಪಾಸ್‌ಪೋರ್ಟ್ ಕೂಡ ಇಸಿದುಕೊಳ್ಳುತ್ತಾರೆ, ಆಮೇಲೆ ‘ಬಾಕಿ ಕಟ್ಟಿ, ಪಾಸ್‌ಪೋರ್ಟ್ ತಗೊಳ್ಳಿ’ ಅಂತ ಹಿಡಿದಿಡುತ್ತಾರೆ. ಶುರುವಿನಲ್ಲಿ ಪಾಸ್‌ಪೋರ್ಟ್‌ನ ಸ್ಕ್ಯಾನ್ ಕಾಪಿ ಸಾಕು. ಅಸಲು ಪುಸ್ತಕ ನಿಮ್ಮ ಮನೆಯಲ್ಲೇ ಇರಲಿ.

ಮೆಡಿಕಲ್ 8,000. ಯುಎಇಯಲ್ಲಿ ವಾಸದ ಪರವಾನಗಿಗೆ ಬೇಕಾದ ವೈದ್ಯಕೀಯ ಪರೀಕ್ಷೆ ಅಲ್ಲಿಗೆ ಹೋದ ಮೇಲೆ ಆಗುತ್ತದೆ, ಕಂಪನಿಯೇ ಮಾಡಿಸುತ್ತದೆ. ಗಲ್ಫ್ ದೇಶಗಳಿಗೆ ಹೊರಡುವ ಮುಂಚೆಯೇ ಪರೀಕ್ಷೆ ಬೇಕೆಂದು ಹೇಳಿದರೆ ಅದರ ಬುಕಿಂಗ್ wafid.com ನಲ್ಲಿ, ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ. ಸ್ಲಿಪ್‌ನಲ್ಲಿ ಕೇಂದ್ರದ ಹೆಸರು ಇರುತ್ತದೆ. ಪರೀಕ್ಷೆಯ ಹಣವನ್ನು ಆ ಕೇಂದ್ರದ ಕೌಂಟರ್‌ನಲ್ಲಿ ನೀವೇ ಕಟ್ಟಿ ರಸೀದಿ ತಗೊಳ್ಳಿ. ಯಾವುದೋ ಲ್ಯಾಬ್‌ಗೆ ಕರೆದೊಯ್ದು ರಕ್ತ ತೆಗೆಸಿ ‘ಮೆಡಿಕಲ್ ಆಯ್ತು’ ಅನ್ನುವುದಕ್ಕೆ ಬೆಲೆಯಿಲ್ಲ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರೂ ಹಾಗೇ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ 500 ರೂಪಾಯಿ ಕಟ್ಟಿ ನೀವೇ ಅರ್ಜಿ ಹಾಕಬಹುದು.

ಎಲ್ಲ ಬಿಡಿಸಿದ ಮೇಲೆ 1,05,000ರಲ್ಲಿ ನಿಂತದ್ದು ಏನು? ಏಜೆಂಟ್ ನೋಂದಾಯಿತನಾಗಿದ್ದರೆ ರಸೀದಿ ಸಮೇತ 35,400 ಮೀರದ ಸೇವಾ ಶುಲ್ಕ, ಅಷ್ಟೇ. ಅವನು ನೋಂದಾಯಿತನೇ ಅಲ್ಲದಿದ್ದರೆ ಸೊನ್ನೆ.

ಕೆಲಸ ನಿಜವಾಗಿ ಇದೆಯೇ, ವೀಸಾ ಯಾವ ಬಗೆಯದು

ಹಣದ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಕೆಲಸ ಇದೆ ಎಂದಲ್ಲ. ಯುಎಇಯಲ್ಲಿ ಮುಖ್ಯ ಭೂಭಾಗದ ಕಂಪನಿಗಳು ಅಲ್ಲಿನ ಕಾರ್ಮಿಕ ಸಚಿವಾಲಯದ ವ್ಯವಸ್ಥೆಯ ಮೂಲಕ ಒಂದು ನಿಗದಿತ ನಮೂನೆಯ ಆಫರ್ ಲೆಟರ್ ಕೊಡುತ್ತವೆ. ಅರೇಬಿಕ್, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ಅರ್ಥವಾಗುವ ಇನ್ನೊಂದು ಭಾಷೆಯಲ್ಲೂ ಅದು ಬರಬೇಕು. ಕನ್ನಡ ಆ ಪಟ್ಟಿಯಲ್ಲಿಲ್ಲ, ಹಿಂದಿ, ಉರ್ದು, ತಮಿಳು, ಮಲಯಾಳಂ ಇವೆ. ನಿಮಗೆ ಓದಲು ಬರುವ ಭಾಷೆಯದ್ದನ್ನೇ ಕೇಳಿ. ಸಂಬಳ, ಭತ್ಯೆ, ಹುದ್ದೆ, ಕೆಲಸದ ಅವಧಿ ಅದರಲ್ಲಿರುತ್ತವೆ. ಮೇಲೆ ವ್ಯವಹಾರ ಸಂಖ್ಯೆಯೊಂದು ಇರುತ್ತದೆ, MB ಅಂತ ಶುರುವಾಗಿ AE ಅಂತ ಮುಗಿಯುತ್ತದೆ. ಆ ಸಂಖ್ಯೆಯನ್ನು mohre.gov.ae ನ ವಿಚಾರಣೆ ವಿಭಾಗದಲ್ಲಿ ಹಾಕಿ ನೋಡಬಹುದು. ಲೋಗೋ ಅಂಟಿಸಿದ ಒಂದು ಪುಟದ ವರ್ಡ್ ಫೈಲ್, ಕೆಳಗೆ ಜಿಮೇಲ್ ವಿಳಾಸ, ‘ಎಚ್‌ಆರ್ ಮ್ಯಾನೇಜರ್’ ಅಂತ ಸಹಿ ಇದ್ದರೆ ಅದು ಆಫರ್ ಲೆಟರ್ ಅಲ್ಲ.

ಫ್ರೀ ಝೋನ್, ಅಂದರೆ ತನ್ನದೇ ಪ್ರಾಧಿಕಾರವಿರುವ ವಿಶೇಷ ವ್ಯಾಪಾರ ವಲಯ. ಅಲ್ಲಿನ ಕಂಪನಿಗಳ ಆಫರ್ ಈ ಸಚಿವಾಲಯದ ಮೂಲಕ ಬರುವುದಿಲ್ಲ, ಆಯಾ ಝೋನ್‌ನ ಪ್ರಾಧಿಕಾರದ ಮೂಲಕ ಬರುತ್ತದೆ. ಹಾಗಾಗಿ ಸಂಖ್ಯೆ ಸಿಗಲಿಲ್ಲ ಎಂದ ಮಾತ್ರಕ್ಕೆ ನಕಲಿ ಎಂದು ತೀರ್ಮಾನಿಸಬೇಡಿ. ಯಾವ ಫ್ರೀ ಝೋನ್ ಎಂದು ಬರವಣಿಗೆಯಲ್ಲಿ ಕೇಳಿ, ಆ ಝೋನ್‌ನ ವೆಬ್‌ಸೈಟ್‌ನಲ್ಲಿ ಕಂಪನಿ ಇದೆಯೇ ನೋಡಿ.

ಆಮೇಲೆ ವೀಸಾ ಪುಟ. ಇದನ್ನು ಫೋನ್‌ನಲ್ಲಿ ದೊಡ್ಡದು ಮಾಡಿಕೊಂಡು ನಿಧಾನವಾಗಿ ಓದಿ. ಅದು ಯಾವ ಬಗೆಯ ಅನುಮತಿ ಎಂದು ಬರೆದಿರುತ್ತದೆ. ಕೆಲಸದ್ದಾದರೆ EMPLOYMENT ಎಂಬ ಪದ, ಹುದ್ದೆ ಮತ್ತು ಕರೆಸಿಕೊಳ್ಳುವ ಕಂಪನಿಯ ಹೆಸರು ಇರಬೇಕು. VISIT ಅಥವಾ TOURIST ಎಂದಿದ್ದರೆ ಅದು ಕೆಲಸದ ವೀಸಾ ಅಲ್ಲ, ಏಜೆಂಟ್ ಏನೇ ಹೇಳಲಿ. ಅನುಮತಿ ಸಂಖ್ಯೆಯ ಮೊದಲ ಮೂರು ಅಂಕಿ ಕೂಡ ಗಮನಿಸಿ. ಅಬುಧಾಬಿಗೆ 101, ದುಬೈಗೆ 201, ಶಾರ್ಜಾಕ್ಕೆ 301. ದುಬೈ ಕಂಪನಿ ಅಂತ ಹೇಳಿ 301 ಇದ್ದರೆ ವಿವರಣೆ ಕೇಳಿ. ದುಬೈಯಲ್ಲಿ ಕೊಟ್ಟ ವೀಸಾವನ್ನು gdrfad.gov.ae ನಲ್ಲಿ, ಉಳಿದವನ್ನು icp.gov.ae ನ File Validity ಎಂಬಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಪರೀಕ್ಷಿಸಬಹುದು. ವೀಸಾ ಪುಟದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ‘ವ್ಯಾಲಿಡ್’ ಬಂತು ಅಂತ ನಂಬಬೇಡಿ. ನಕಲಿ ಪುಟದ ಕ್ಯೂಆರ್ ನಕಲಿ ವೆಬ್‌ಸೈಟ್‌ಗೇ ಕರೆದೊಯ್ಯಬಹುದು.

‘ಸದ್ಯಕ್ಕೆ ವಿಸಿಟ್‌ನಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕನ್ವರ್ಟ್ ಮಾಡಿಸ್ತೀವಿ’ ಅನ್ನುವ ಮಾತು ಬಂದೇ ಬರುತ್ತದೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಅವಧಿ ಮುಗಿದ ಮೇಲೆ ದಿನಕ್ಕೆ 50 ದಿರ್ಹಂ ದಂಡ ಏರುತ್ತಾ ಹೋಗುತ್ತದೆ. ಸಂಬಳ ಕೊಡದಿದ್ದರೆ ದೂರು ಕೊಡಲು ಕೆಲಸದ ಒಪ್ಪಂದವೇ ಇರುವುದಿಲ್ಲ. ಕಾಂಬೋಡಿಯಾ, ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಿಗೆ ಸಿಕ್ಕಿಬಿದ್ದ ನಮ್ಮವರಲ್ಲೂ ಹಲವರು ಹೀಗೆ ಪ್ರವಾಸಿ ವೀಸಾದಲ್ಲಿ ಹೋದವರೇ. ‘ಆಜಾದ್ ವೀಸಾ’ ಅಥವಾ ‘ಫ್ರೀ ವೀಸಾ’ ಅನ್ನುವುದೂ ಇದೇ ಜಾತಿಯದ್ದು. ಕಾಗದದಲ್ಲಿ ಒಬ್ಬ ಪ್ರಾಯೋಜಕ, ಕೆಲಸ ಇನ್ನೆಲ್ಲೋ. ಅಂಥ ಹೆಸರಿನ ವೀಸಾ ಯಾವ ಸರ್ಕಾರವೂ ಕೊಡುವುದಿಲ್ಲ.

ಇಸಿಆರ್ ಪಾಸ್‌ಪೋರ್ಟ್‌ನವರನ್ನು ವಿಸಿಟ್ ವೀಸಾದಲ್ಲಿ ಕಳಿಸುವಾಗ ಇನ್ನೊಂದು ಕಂತು ಹುಟ್ಟುತ್ತದೆ, ‘ಏರ್‌ಪೋರ್ಟ್ ಸೆಟ್ಟಿಂಗ್’. ಇಮಿಗ್ರೇಷನ್ ಕೌಂಟರ್‌ನಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಬಿಡ್ತಾರೆ ಅನ್ನುತ್ತಾರೆ. ಪ್ರವಾಸಕ್ಕೆ ಹೋಗ್ತಿದ್ದೀನಿ ಅಂತ ಸುಳ್ಳು ಹೇಳಲು ಕಲಿಸುತ್ತಾರೆ. ಸಿಕ್ಕಿಬಿದ್ದರೆ ಕೌಂಟರ್ ಮುಂದೆ ನಿಂತಿರುವವರು ನೀವು, ಅವರಲ್ಲ. ಈ ಪದ ಕಿವಿಗೆ ಬಿದ್ದ ದಿನವೇ ಮಾತು ನಿಲ್ಲಿಸಿ.

ಏಜೆಂಟರ ಸಹವಾಸವೇ ಬೇಡ ಅನ್ನಿಸಿದರೆ ಸರ್ಕಾರದ ದಾರಿಯೂ ಇದೆ. ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಹೊರದೇಶದ ಕೆಲಸಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆಯರು ಗಲ್ಫ್‌ನಲ್ಲಿ ಮನೆಗೆಲಸಕ್ಕೆ ಹೋಗುವುದಾದರೆ ಖಾಸಗಿ ಏಜೆಂಟ್ ಮೂಲಕ ಹೋಗುವಂತೆಯೇ ಇಲ್ಲ, ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು. ವಯಸ್ಸು 30 ತುಂಬಿರಬೇಕು. ಇಪ್ಪತ್ತೈದರ ಹೆಣ್ಣುಮಗಳಿಗೆ ‘ಹೌಸ್‌ಮೇಡ್ ವೀಸಾ ರೆಡಿ ಇದೆ’ ಎಂದು ಯಾರಾದರೂ ಹೇಳಿದರೆ ಉಳಿದ ಯಾವ ಪರೀಕ್ಷೆಯೂ ಬೇಡ.

ಹಣ ಆಗಲೇ ಹೋಗಿದ್ದರೆ

ಮೊದಲ ಕೆಲವು ಗಂಟೆಗಳು ಮುಖ್ಯ. ಯುಪಿಐ ಅಥವಾ ಬ್ಯಾಂಕ್ ಮೂಲಕ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಖಾತೆಗಳಲ್ಲಿ ಇದ್ದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆಮೇಲೆ cybercrime.gov.in ನಲ್ಲಿ ದೂರು ದಾಖಲಿಸಿ. ಏಜೆಂಟ್‌ಗೆ ‘ಪೊಲೀಸ್‌ಗೆ ಹೋಗ್ತೀನಿ’ ಅಂತ ಹೇಳುವ ಮುಂಚೆಯೇ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಸುಮ್ನೆ ಬೆದರಿಸಿದರೆ ಅವನು ಮೆಸೇಜುಗಳನ್ನು ಅಳಿಸಿ, ಸಿಮ್ ಬದಲಿಸಿ ಮಾಯವಾಗುತ್ತಾನೆ. ಪೋಸ್ಟರ್, ಆಫರ್ ಲೆಟರ್, ವೀಸಾ ಪುಟ, ಪ್ರತಿ ಪಾವತಿಗೆ ಬ್ಯಾಂಕ್ ಕೊಡುವ ವಹಿವಾಟು ಸಂಖ್ಯೆಯಾದ ಯುಟಿಆರ್ ನಂಬರ್, ದಿನಾಂಕ, ಯಾರ ಹೆಸರಿಗೆ ಹೋಯಿತು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಠಾಣೆಗೆ ಹೋಗಿ. ದೂರಿನಲ್ಲಿ ಬರೀ ‘ಮೋಸ’ ಎಂದು ಬಿಡಬೇಡಿ, ‘ನೋಂದಣಿ ಇಲ್ಲದೆ ವಿದೇಶಿ ಕೆಲಸಕ್ಕೆ ನೇಮಕಾತಿ ಮಾಡಿದ್ದಾರೆ’ ಎಂದೂ ಬರೆಯಿರಿ. ಆಗ ವಲಸೆ ಕಾಯ್ದೆಯೂ ಅನ್ವಯಿಸುತ್ತದೆ.

ನೋಂದಾಯಿತ ಏಜೆಂಟ್ ಜಾಸ್ತಿ ಹಣ ತೆಗೆದುಕೊಂಡಿದ್ದರೆ ದೂರು ಹೋಗಬೇಕಾದದ್ದು ವಲಸೆ ಸಂರಕ್ಷಣಾಧಿಕಾರಿ ಕಚೇರಿಗೆ. ಬೆಂಗಳೂರಿನಲ್ಲೂ ಈ ಕಚೇರಿ ಇದೆ. ಮೊದಲು ಹೇಳಿದ emigrate.gov.in ನಲ್ಲೂ ದೂರು ಹಾಕಬಹುದು. ಇಲ್ಲಿ ನಿಮ್ಮ ಕೈಗೆ ಸ್ವಲ್ಪ ಬಲ ಇದೆ. ಏಜೆಂಟ್ ನೋಂದಣಿಗಾಗಿ ಬ್ಯಾಂಕ್ ಗ್ಯಾರಂಟಿ ಇಟ್ಟಿರುತ್ತಾನೆ, ದೊಡ್ಡ ಏಜೆಂಟರಿಗೆ ಅದು 50 ಲಕ್ಷ ರೂಪಾಯಿ. ಲೈಸೆನ್ಸ್ ಹೋಗುತ್ತದೆ ಅನ್ನುವ ಭಯವೂ ಅವನಿಗಿದೆ. ನಕಲಿ ಏಜೆಂಟ್‌ಗೆ ಕಳೆದುಕೊಳ್ಳಲು ಇವೆರಡೂ ಇಲ್ಲ. ಯಾವ ಕಚೇರಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ 1800 11 3090ಕ್ಕೆ ಕರೆ ಮಾಡಿ ಕೇಳಿ.

ಈಗಾಗಲೇ ವಿಸಿಟ್ ವೀಸಾದಲ್ಲಿ ಯುಎಇ ತಲುಪಿ, ಕಂಪನಿಯೂ ಇಲ್ಲ, ರೂಮೂ ಇಲ್ಲ ಅನ್ನುವ ಸ್ಥಿತಿಯಲ್ಲಿರುವವರು ಅಲ್ಲಿನ ಫೋನ್‌ನಿಂದ 800 46342ಕ್ಕೆ ಕರೆ ಮಾಡಬಹುದು. ಅದು ಭಾರತೀಯರ ನೆರವಿಗಾಗಿ ದುಬೈನಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್. ವೀಸಾ ಮುಗಿಯಲು ಎಷ್ಟು ದಿನ ಉಳಿದಿದೆ ಎಂದು ಮೊದಲು ಹೇಳಿ, ದಂಡ ಏರುವ ಮುಂಚೆ ಹೊರಡಬಹುದೇ ಎಂದು ಕೇಳಿ. ಪಾಸ್‌ಪೋರ್ಟ್ ಬೇರೆಯವರ ಬಳಿ ಇದ್ದರೆ ಅದನ್ನೂ ಆಗಲೇ ತಿಳಿಸಿ. ಊರಲ್ಲಿರುವ ಮನೆಯವರು ಅದೇ ಹೊತ್ತಿಗೆ madad.gov.in ನಲ್ಲಿ ದೂರು ಹಾಕಿದರೆ ವಿಷಯ ಅಲ್ಲಿನ ಭಾರತೀಯ ದೂತಾವಾಸ ಕಚೇರಿಗೆ ದಾಖಲೆಯಾಗಿ ತಲುಪುತ್ತದೆ. ಏಜೆಂಟ್ ‘ಇನ್ನು ಇಪ್ಪತ್ತು ಸಾವಿರ ಕಳಿಸಿ, ನಾಳೆಯೇ ಕನ್ವರ್ಟ್ ಮಾಡಿಸ್ತೀನಿ’ ಅಂತ ಮನೆಯವರಿಗೆ ಫೋನ್ ಮಾಡುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ. ಅದನ್ನು ಕಳಿಸಬೇಡಿ. ಆ ದುಡ್ಡು ವಾಪಸ್ ಟಿಕೆಟ್‌ಗೆ ಬೇಕಾಗುತ್ತದೆ.